ಬಿಡುಗಡೆಯ ಪೋಸ್ಟಿಗೆ ಬರೆದ ಮೊದಲ ಎರಡು ಸಾಲು

ಪುಸ್ತಕ ಅಚ್ಚಾಗಿ ಬಂದಾಗ ಆಗದ ಹೆದರಿಕೆ, ಅದರ ಬಿಡುಗಡೆಯ ಪೋಸ್ಟಿಗೆ ನಾಲ್ಕು ಸಾಲು ಬರೆಯಲು ಕೂತಾಗ ಆಯಿತು. ನಾನು ಹಾವೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮಕ್ಕಳ ಪ್ರಬಂಧಕ್ಕೆ ಕೆಂಪು ಗೆರೆ ಎಳೆಯುವುದರಲ್ಲಿ ಕೈ ಪಳಗಿದೆ. ನನ್ನ ಪುಸ್ತಕ ಕೊಳ್ಳಿ ಎಂದು ಕೇಳುವುದಕ್ಕೆ ಮಾತ್ರ ನಾಲಗೆ ಏಳಲೊಲ್ಲದು.

ಮೊದಲು ಬರೆದದ್ದು ಹೀಗಿತ್ತು: ‘ಮಾನ್ಯರೇ, ತಾವು ಸಕುಟುಂಬ ಸಪರಿವಾರ ಸಮೇತ ಆಗಮಿಸಿ...’ ಅದನ್ನು ರಾಣೆಬೆನ್ನೂರಿನ ಪುಸ್ತಕದಂಗಡಿಯವರಿಗೆ ಕಳಿಸಿದೆ. ಸಹಿ ಹಾಕುವ ಕಾರ್ಯಕ್ರಮ ಅವರ ಅಂಗಡಿಯಲ್ಲೇ ಇತ್ತು. ಅವರು ಕೂಡಲೇ ಫೋನ್ ಮಾಡಿದರು.

“ಮೇಡಂ, ಇದೇನ್ ಮದವಿ ಕಾರ್ಡೇನ್ರಿ? ಮಂದಿ ಊಟಕ್ಕ ಬರ್ತಾರ. ಯಾವತ್ತು, ಎಷ್ಟೊತ್ತಿಗೆ, ಎಲ್ಲಿ, ಪುಸ್ತಕ ಎಲ್ಲಿ ಸಿಗ್ತೈತಿ, ಅಷ್ಟ ಹಾಕ್ರಿ. ಆದ್ರ ಮೊದಲಿನ ಎರಡು ಸಾಲು ಹಿಡದು ನಿಲ್ಲಸ್ಬೇಕು. ಉಳಿದದ್ದು ‘ಇನ್ನಷ್ಟು’ ಅನ್ನೂದನ್ನ ಒತ್ತಿದ್ರಷ್ಟ ಕಾಣ್ತೈತಿ. ಯಾರ್ ಒತ್ತತಾರ್ರಿ?”

ಕೆಳಗಿನದು ಸುಲಭವಾಯಿತು. ಭಾನುವಾರ ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ, ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಸಹಿ ಹಾಕುತ್ತೇನೆ. ಮೊದಲೇ ಕೊಂಡವರೂ ಪ್ರತಿ ತರಬಹುದು. ಪುಸ್ತಕ ಆ ಅಂಗಡಿಯಲ್ಲಿ ಸಿಗುತ್ತದೆ, ಅಂಚೆಯಲ್ಲಿ ಬೇಕಾದವರು ಪ್ರಕಾಶಕರಿಗೆ ವಾಟ್ಸಾಪಿನಲ್ಲಿ ವಿಳಾಸ ಕಳಿಸಿ. ಉಳಿದದ್ದು ಮೇಲಿನ ಎರಡು ಸಾಲು.

ಪುಸ್ತಕ ನನ್ನ ಚಿಗವ್ವನ, ಅಂದರೆ ಅವ್ವನ ತಂಗಿಯ, ಬದುಕಿನ ಕಥೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದಲ್ಲೇ ಆಕೆಯ ಆಯುಷ್ಯ ಸವೆದಿದೆ. ಬರೆದದ್ದನ್ನೆಲ್ಲ ಆಕೆಯ ಮುಂದೆ ಕೂತು ಓದಿದ್ದೆ. ಒಂದೆರಡು ಕಡೆ ‘ಅದು ಬ್ಯಾಡ’ ಅಂದಳು, ತೆಗೆದೆ. ಗಂಡ ಬಿಟ್ಟುಹೋದ ಅಧ್ಯಾಯ ಓದಿದಾಗ ‘ಇರ್ಲಿ’ ಅಂದಿದ್ದಳು.

ಆ ‘ಇರ್ಲಿ’ಯನ್ನು ನಾನು ಬಳಸಿಕೊಂಡೆ. ಪೋಸ್ಟಿನ ಮೊದಲಿಗೆ ಬರೆದೆ: ‘ಗಂಡ ಬಿಟ್ಟುಹೋದ ಮರುದಿನವೂ ನನ್ನ ಚಿಗವ್ವ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದಳು. ಯಾರಿಗೂ ಹೇಳಲಿಲ್ಲ.’ ಪಕ್ಕಕ್ಕೆ ಪುಸ್ತಕ ಹಿಡಿದ ಆಕೆಯ ಫೋಟೋ. ಅಂಗಡಿಯವರು ‘ಈಗ ಬಂತು ನೋಡ್ರಿ ಖದರು’ ಅಂದರು. ನಾನೂ ಉಬ್ಬಿಹೋದೆ. ಸಂಜೆಯೊಳಗೆ ಬಂಧು-ಬಳಗದ ಗುಂಪು, ಊರಿನ ಗುಂಪು, ಎಲ್ಲ ಕಡೆ ಅದು ಹರಿದಾಡಿತು. ಮೋಟೆಬೆನ್ನೂರಿನವರೂ ಹಂಚಿಕೊಂಡಿದ್ದರು. ಆ ಗಂಡನ ಊರು ಅದೇ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಎರಡು ದಿನ ಚಿಗವ್ವ ಫೋನ್ ಎತ್ತಲಿಲ್ಲ. ಮೂರನೆಯ ದಿನ ಶಾಲೆ ಬಿಟ್ಟವಳೇ ಬ್ಯಾಡಗಿಯ ಬಸ್ಸು ಹತ್ತಿದೆ. ಆಕೆ ಆಗಷ್ಟೇ ಕೆಲಸದಿಂದ ಬಂದು, ಕೈ ಉರಿ ಹೋಗಲೆಂದು ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ‘ಬಾ’ ಎನ್ನಲಿಲ್ಲ.

“ನೀನ ಇರ್ಲಿ ಅಂದಿದ್ದಿಯಲ್ಲ ಚಿಗವ್ವ,” ಅಂದೆ. ಮೊದಲು ನನ್ನನ್ನು ಉಳಿಸಿಕೊಳ್ಳುವ ಮಾತೇ ಬಾಯಿಗೆ ಬಂತು. ಇವತ್ತಿಗೂ ಅದಕ್ಕೆ ನಾಚಿಕೆಯಿದೆ.

“ಪುಸ್ತಕದಾಗ ಇರ್ಲಿ ಅಂದಿದ್ದೆ. ಅಷ್ಟೂ ಹಾಳಿ ಓದಿ ಅಲ್ಲಿಗೆ ಬಂದಾಕಿಗೆ ನಾ ಏನು ಅಂತ ಗೊತ್ತಾಗಿರ್ತೈತಿ. ಇದನ್ನ ಏನೂ ಓದದಾವ್ರು ಓದ್ಯಾರ. ಜೋಡಿ ಕುಂತ ಕೆಲಸಾ ಮಾಡಾವ್ರು ನನ್ನ ಮಾರಿ ನೋಡಿ ನೋಡಿ ಸುಮ್ಮನಾಗಾಕತ್ತಾರ.”

ಆಕೆಯ ಎದುರೇ ಪೋಸ್ಟ್ ಅಳಿಸಿದೆ. ಗುಂಪುಗಳಿಗೆ ಹೋದದ್ದನ್ನು ಅಳಿಸುವುದು ನನ್ನ ಕೈಯಲ್ಲಿರಲಿಲ್ಲ, ಅದನ್ನೂ ಹೇಳಿದೆ. ಆಕೆ ತಲೆಯಾಡಿಸಿದಳು, ಚಹಾ ಮಾಡಿದಳು. ಭಾನುವಾರ ಬರುತ್ತೀಯಾ ಎಂದರೆ ‘ನೋಡೂಣು’ ಅಂದಳು. ನಮ್ಮ ಕಡೆ ಅದಕ್ಕೆ ಇಲ್ಲವೆಂದೇ ಅರ್ಥ.

ಹೊಸ ಪೋಸ್ಟಿನಲ್ಲಿ ಮುಖಪುಟದ ಚಿತ್ರ, ದಿನ, ಹೊತ್ತು, ಜಾಗ, ಪುಸ್ತಕ ಸಿಗುವ ಕಡೆ, ಇಷ್ಟೇ ಹಾಕಿದೆ. ಅಂಗಡಿಯವರು ‘ಸಪ್ಪಗಾತ್ರಿ’ ಅಂದರು. ಸಪ್ಪಗೇ ಇರಲಿ ಅಂದೆ.

ಭಾನುವಾರ ನಲವತ್ತು ಜನರೂ ಬಂದಿರಲಿಲ್ಲ. ಬಂದವರಲ್ಲಿ ಕೆಲವರು ನನ್ನ ಹಳೆಯ ವಿದ್ಯಾರ್ಥಿಗಳು, ಇಬ್ಬರು ಬರೀ ಸೆಲ್ಫಿಗೆ. ನನ್ನ ಕಣ್ಣು ಬಾಗಿಲ ಮೇಲೇ ಇತ್ತು. ಹನ್ನೆರಡೂವರೆಗೆ ಚಿಗವ್ವ ಬಂದಳು. ಎದ್ದು ಹೋಗಿ ಕೈ ಹಿಡಿಯಬೇಕೆನಿಸಿತು. ಆಕೆ ಮಾತ್ರ ನನ್ನತ್ತ ನೋಡದೆ ಸಾಲಿನ ಕೊನೆಗೆ ನಿಂತಳು. ಸರದಿ ಬಂದಾಗ ಅಂಗಡಿಯವರಿಂದ ಕೊಂಡ ಪ್ರತಿಯನ್ನು ಮೇಜಿನ ಮೇಲಿಟ್ಟಳು.

ಮೊದಲ ಹಾಳೆ ತೆರೆದು ಪೆನ್ನು ಹಿಡಿದೆ. “ಏನಂತ ಬರೀಲಿ ಚಿಗವ್ವ?” ಎಂದೆ.

“ಎಲ್ಲಾರಿಗೂ ಏನ್ ಬರದ್ಯೋ ಅದನ್ನ ಬರಿ,” ಅಂದಳು. “ನಂದೇನೂ ಬರೀಬ್ಯಾಡ.”