ಹಫೀಜಾ ಕಲಿತ ತಡವರಿಕೆ

ರಾಮನಗರದ ಬೇಕರಿಯ ಮೇಲಿನ ಕೋಣೆಯಲ್ಲಿ ಮುತ್ತುರಾಜು ಮೇಷ್ಟ್ರು ಮಾತಾಡಲು ಕಲಿಸುತ್ತಿದ್ದರು. ಕೆಳಗಿನ ಬಿಸಿ ಬನ್ನಿನ ಹಾಗೆ ಮೇಲಿನ ಮಾತುಗಳೂ ಒಂದೇ ಅಚ್ಚಿನಿಂದ ಬರುತ್ತಿದ್ದವು. ಅದು ಹಫೀಜಾಗೆ ಆಗ ತಿಳಿದಿರಲಿಲ್ಲ.

ಅವಳ ಮನೆಯವರು ರೇಷ್ಮೆ ನೂಲು ತೆಗೆಯುವ ರೀಲರುಗಳು. ರೀಲು ಬಿಡುವುದು ಮಾತ್ರ ಯಾರಿಗೂ ಬಾರದು. ಕುದಿಯುವ ನೀರಿನಲ್ಲಿ ರೇಷ್ಮೆಗೂಡುಗಳ ಎಳೆ ಹುಡುಕಿ ಹುಡುಕಿ ಅಮ್ಮ ಮೆಹ್ರೀನ್‌ಳ ಬೆರಳುಗಳು ಬಿಳುಚಿ ಸುಕ್ಕಾಗಿದ್ದವು. ಬಿ.ಕಾಂ. ಮುಗಿಸಿದ ಹಫೀಜಾ ಎರಡು ಸಂದರ್ಶನಗಳಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂಬಲ್ಲೇ ಬಿದ್ದಿದ್ದಳು. ಮೂರನೆಯದು ಚನ್ನಪಟ್ಟಣದ ಹೆದ್ದಾರಿಯ ಗೊಂಬೆ ಮಳಿಗೆಯಲ್ಲಿ, ಬಂದವರಿಗೆ ಗೊಂಬೆಗಳ ಕತೆ ಹೇಳುವ ಕೆಲಸ. ಇರುವುದು ಒಂದೇ ಜಾಗ. ಅದೂ ತಪ್ಪಿದರೆ ಸೋಮವಾರದಿಂದ ನೀನೂ ಗೂಡು ಬೇಯಿಸುವ ಬಾಣಲೆಯ ಮುಂದೆ ಕೂರು ಎಂದು ಅಬ್ಬಾ ಗೌಸ್ ಹೇಳಿಯಾಗಿತ್ತು.

“ಓದಿದ ಹಂಗೆ ಇರಬಾರ್ದು ಕಣಮ್ಮ,” ಎಂದು ಮೇಷ್ಟ್ರು ಒಂದು ಪುಟ ಪರಿಚಯ ಬರೆಸಿದರು. ಗೆರೆ ಎಳೆದಲ್ಲಿ ಉಸಿರು, ಸೊನ್ನೆ ಬರೆದಲ್ಲಿ ನಗು. ನಡುವೆ ನಕ್ಷತ್ರ ಹಾಕಿದಲ್ಲಿ, “ಇಲ್ಲಿ ‘ಅದೇನಂದ್ರೆ...’ ಅಂತ ಒಸಿ ತಡವರಿಸು. ಸಹಜ ಅನ್ಸ್ತೈತೆ. ಕನ್ನಡಿ ಮುಂದೆ ಇಪ್ಪತ್ತೊಂದು ಸಲ ಹೇಳ್ಕೊ.”

ಹಫೀಜಾ ನೂಲಿನ ರಾಟೆ ತಿರುಗುವಾಗ ಪಕ್ಕದಲ್ಲೇ ನಿಂತು ಉರು ಹೊಡೆದಳು. ಮೂರು ದಿನದಲ್ಲಿ ಮಾತಿಗೆ ರಾಟೆಯ ತಾಳ ಹತ್ತಿತು. ಫೋನಿನಲ್ಲಿ ದಾಖಲಿಸಿ ಕೇಳಿಕೊಂಡಳು. ದನಿ ಅವಳದೇ, ಒಳಗೆ ಅವಳಿರಲಿಲ್ಲ. ಅಮ್ಮ “ಉಪ್ಪು ಎಲ್ಲಿ?” ಎಂದು ನಡುವೆ ಕೇಳಿದರೆ ಪರಿಚಯವೆಲ್ಲ ಮಾಯ. ಮತ್ತೆ ‘ನಮಸ್ಕಾರ’ದಿಂದ.

“ಅಯ್ಯೋ ಹುಚ್ಚಿ,” ಎಂದಳು ಮೆಹ್ರೀನ್. “ಎಳೆ ಕಡಿದ್ರೆ ನಾನು ಮೊದಲಿಂದ ಸುತ್ತುತೀನಾ? ಕಡಿದ ಕಡೇನೇ ಸೇರಿಸ್ತೀನಿ. ಹೇಳು, ನಡೂಮಧ್ಯದಿಂದ ಹೇಳು.”

ಆ ಮೇಲೆ ಹಫೀಜಾ ಹಾಳೆ ಮಡಚಿಟ್ಟು ಐದೇ ಪದ ಇಟ್ಟುಕೊಂಡಳು: ಅಮ್ಮ, ಗೂಡು, ಓದು, ಗೊಂಬೆ, ಜನ. ಒಂದು ದಿನ ‘ಓದಿ’ನಿಂದ ಶುರು, ಇನ್ನೊಂದು ದಿನ ‘ಜನ’ದಿಂದ. ಒಂದು ಸಲ ಅಮ್ಮನಿಗೆ, ಒಂದು ಸಲ ಹಾಲಿನವನಿಗೆ. ಪ್ರತಿ ಸಲವೂ ವಾಕ್ಯ ಬೇರೆಯಾಗುತ್ತಿತ್ತು, ಅರ್ಥ ಅದೇ ಉಳಿಯುತ್ತಿತ್ತು. ಆದರೆ ಉರು ಹೊಡೆದ ಪರಿಚಯ ನಾಲಿಗೆಯಿಂದ ಹೋಗಿರಲಿಲ್ಲ.

ಸಂದರ್ಶನದ ದಿನ ಬೆಂಚಿನ ಮೇಲೆ ಹಫೀಜಾ ಸೇರಿ ಐದು ಮಂದಿ, ಎಲ್ಲರೂ ಬೇಕರಿಯ ಮೇಲೆ ಮೇಷ್ಟ್ರ ಬಳಿ ಕಲಿತವರು. ಮೊದಲನೆಯವನು ಒಳಗೆ ಹೋದ. ಬಾಗಿಲ ಸಂದಿಯಿಂದ ಮಾತು ಕೇಳಿಸಿತು: “ನಮಸ್ಕಾರ. ಹೊಸಬರ ಜೊತೆ ಮಾತಾಡೋದು ನನಗೆ... ಅದೇನಂದ್ರೆ... ಹಬ್ಬ ಇದ್ದ ಹಾಗೆ.”

ಹಫೀಜಾ ತಲೆಯೆತ್ತಿದಳು. ಅವಳದೇ ಉಸಿರು, ಅವಳದೇ ತಡವರಿಕೆ. ಎರಡನೆಯವಳು ಹೋದಳು. ಅದೇ ಜಾಗದಲ್ಲಿ ಅದೇನಂದ್ರೆ. ಮೂರನೆಯವನಿಗೂ ಅಲ್ಲೇ ಹಬ್ಬ. ಒಳಗೆ ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಹೊರಬಂದ ಮೂವರೂ ಮುಖ ತೋರಿಸದೆ ಮೆಟ್ಟಿಲಿಳಿದರು.

“ಹಫೀಜಾ.”

ಮೇಜಿನಾಚೆ ಮೂವರು. ನಡುವೆ ಕೂತ ಹೆಂಗಸು ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ದರು. “ನಿಮ್ಮ ಬಗ್ಗೆ ಹೇಳಿ.”

ಬೇಡ ಬೇಡ ಎಂದುಕೊಂಡರೂ ಬಾಯಿ ತಾನೇ ತೆರೆದುಕೊಂಡಿತು. “ನಮಸ್ಕಾರ. ಹೊಸಬರ ಜೊತೆ ಮಾತಾಡೋದು ನನಗೆ...”

“ಅದೇನಂದ್ರೆ?” ಎಂದರು ಆಕೆ, ಮೆತ್ತಗೆ.

ಎಳೆ ಕಡಿದಿತ್ತು. ಹಫೀಜಾಳ ಕೈ ತಾನಾಗಿ ಸೀರೆಯಂಚಿನ ದಾರ ಹಿಡಿದುಕೊಂಡಿತು.

“ನಮ್ಮಮ್ಮನ ಬೆರಳು ಬೆಂದಿವೆ ಮೇಡಂ,” ಎಂದಳು. “ನೂಲು ತೆಗೆದು ತೆಗೆದು. ಆ ನೂಲಿನ ಸೀರೆ ಉಟ್ಟವರಿಗೆ ಆ ಬೆರಳು ಗೊತ್ತಿಲ್ಲ. ನಿಮ್ಮ ಗೊಂಬೆ ಕೊಳ್ಳೋರಿಗೂ ಅದನ್ನ ಕಡೆದ ಕೈ ಗೊತ್ತಿರಲ್ಲ. ಅದನ್ನ ಹೇಳೋ ಕೆಲಸ ನನಗೆ ಬರುತ್ತೆ ಅನ್ಸುತ್ತೆ.”

ಪೆನ್ನಿನ ಮುಚ್ಚಳ ತೆರೆಯಿತು. ಅವರು ನಡುನಡುವೆ ತಡೆದು ಕೇಳಿದರು, ಹಿಂದಕ್ಕೆಳೆದರು. ಪ್ರತಿ ಸಲವೂ ಅವಳು ಕಡಿದಲ್ಲೇ ಸೇರಿಸಿದಳು.

“ಸೋಮವಾರದಿಂದ ಕೆಲಸಕ್ಕೆ ಬನ್ನಿ,” ಎಂದರು ಆಕೆ. “ಹೊರಗಿರೋ ಹುಡುಗಿಗೆ ಏನೂ ಹೇಳಬೇಡಿ. ಅವರನ್ನೂ ನಾವು ಕೇಳಲೇಬೇಕು.”

ಬೆಂಚಿನಲ್ಲಿ ಕೊನೆಯವಳಾದ ಶಾಲಿನಿ ಒಬ್ಬಳೇ, ತುಟಿ ಅಲ್ಲಾಡಿಸುತ್ತ ಕೂತಿದ್ದಳು.

“ಏನ್ ಕೇಳಿದ್ರು ಹಫೀಜಕ್ಕ?”

ಹಫೀಜಾ ಬಾಗಿಲ ಕಡೆ ನೋಡಿದಳು. ಅದು ಪೂರ್ತಿ ಮುಚ್ಚಿರಲಿಲ್ಲ.

“ನಿನ್ನ ಬಗ್ಗೆ ಕೇಳ್ತಾರೆ.”

“ಅಷ್ಟೇನಾ!” ಶಾಲಿನಿ ಹಗುರಾಗಿ ಎದ್ದು ಚೂಡಿದಾರ ಸರಿಮಾಡಿಕೊಂಡಳು. “ಅದು ನಂಗೆ ಕಂಠಪಾಠ ಆಗೋಗೈತೆ ಬುಡಕ್ಕ.”