ಒಡೆದ ಗಾಜಿನ ಹಿಂದಿನ ಗೋಡೆ

ಗೋಡೆ ಮುಚ್ಚುವ ಮೊದಲು ಫೋಟೋ ತೆಗೆಯುವುದು ನನ್ನ ಪದ್ಧತಿ. ಯಾರೂ ಹೇಳಿಕೊಟ್ಟದ್ದಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪ್ಲಂಬಿಂಗ್ ಕೆಲಸಕ್ಕೆ ಬಂದವನು. ಗೋಡೆ ಕೊರೆದು ಪೈಪ್ ಕೂರಿಸಿ, ನೀರು ತುಂಬಿ ಪ್ರೆಷರ್ ನಿಲ್ಲುತ್ತದೆಯೇ ಎಂದು ನೋಡಿದ ಮೇಲೆ, ಮೇಸ್ತ್ರಿ ಗಾರೆ ಬಳಿಯುವ ಮೊದಲು, ಅಳತೆಯ ಟೇಪನ್ನು ಮೂಲೆಯಿಂದ ಪೈಪಿನವರೆಗೆ ಹಿಡಿದು ಒಂದು ಫೋಟೋ, ನೆಲದಿಂದ ಮೇಲಕ್ಕೆ ಹಿಡಿದು ಇನ್ನೊಂದು. ಗೋಡೆ ಮುಚ್ಚಿದ ಮೇಲೆ ಪ್ಲಂಬರನ ಕೆಲಸ ಯಾರಿಗೂ ಕಾಣುವುದಿಲ್ಲ. ಬಡಗಿಯ ಕೆಲಸ ಕಣ್ಣ ಮುಂದಿರುತ್ತದೆ, ಬಣ್ಣದವನದೂ ಇರುತ್ತದೆ. ನಮ್ಮದು ಮಾತ್ರ ಸೋರಿದಾಗಲೇ ಜನಕ್ಕೆ ನೆನಪಾಗುವುದು. ಆ ಫೋಟೋಗಳೆಲ್ಲ ನನ್ನ ಫೋನಿನಲ್ಲಿದ್ದವು.

ಆ ಫೋನು ಅಂಜನಾಪುರದ ಒಂದು ಮನೆಯಲ್ಲಿ, ಸಂಪಿನ ಬಾಯಿಗೆ ಬಗ್ಗಿದಾಗ ಅಂಗಿ ಜೇಬಿನಿಂದ ಜಾರಿ ಕಾಂಕ್ರೀಟಿನ ಅಂಚಿಗೆ ಬಿತ್ತು. ಪುಣ್ಯಕ್ಕೆ ನೀರಿಗೆ ಬೀಳಲಿಲ್ಲ. ಆದರೆ ಗಾಜು ಜೇಡರ ಬಲೆಯಾಯಿತು. ಮೇಲಿನ ಅರ್ಧದಲ್ಲಿ ಬೆಳಕು, ಕೆಳಗಿನ ಅರ್ಧ ಕಪ್ಪು. ಎಲ್ಲಿ ಒತ್ತಿದರೂ ಕೇಳುತ್ತಿರಲಿಲ್ಲ. ನಾನು ಮಾಡಿದ್ದು ಪ್ಲಂಬರ್ ಮಾತ್ರ ಮಾಡುವ ಕೆಲಸ: ಕಿಟ್ಟಿನಿಂದ ಟೆಫ್ಲಾನ್ ಟೇಪ್ ತೆಗೆದು ನಲ್ಲಿಗೆ ಸುತ್ತಿದ ಹಾಗೆ ಸುತ್ತಿಬಿಟ್ಟೆ, ಗಾಜಿನ ಚೂರು ಕೈಗೆ ಹತ್ತದಿರಲಿ ಎಂದು. ಆಮೇಲೆ ಸರಿ ಹೋದೀತೇನೋ ಎಂದು ಪವರ್ ಬಟನ್ ಗಟ್ಟಿಯಾಗಿ ಒತ್ತಿ ಹಿಡಿದೆ. ಅದು ಆರಿ ಮತ್ತೆ ಹತ್ತಿಕೊಂಡಿತು. ಹಾಗೆ ಆರಿಸಿ ಹತ್ತಿಸಿದ್ದೇ ತಪ್ಪಾಯಿತೆಂದು ಆಗ ಗೊತ್ತಿರಲಿಲ್ಲ.

ಮಾರನೆಯ ದಿನ, ಶುಕ್ರವಾರ, ಪದ್ಮನಾಭನಗರದ ಒಂದು ಮನೆಯಿಂದ ನನಗೆ ಹೇಳಿ ಕಳಿಸಿದರು. ನಿವೃತ್ತ ಟೀಚರೊಬ್ಬರ ಮನೆ. ವರ್ಷದ ಹಿಂದೆ ಅವರ ಮಹಡಿಯ ಬಾತ್‌ರೂಮಿಗೆ ಹೊಸದಾಗಿ ಪೈಪ್ ಎಳೆದವನು ನಾನು. ಈಗ ಪಕ್ಕದ ಮಲಗುವ ಕೋಣೆಯ ಗೋಡೆ ಒದ್ದೆಯಾಗಿ ಬಣ್ಣ ಉಬ್ಬಿತ್ತು. ಮನೆಯ ಕೆಲಸ ವಹಿಸಿಕೊಂಡಿದ್ದ ಇಂಜಿನಿಯರ್ ಆಗಲೇ ಬಂದು ನಿಂತಿದ್ದ.

"ಜಾಯಿಂಟಿಗೆ ಸರಿಯಾಗಿ ಸಲ್ಯೂಷನ್ ಹಾಕಿಲ್ಲ ನೀನು," ಎಂದ. "ಇಡೀ ಗೋಡೆ ಟೈಲ್ಸ್ ಒಡೀಬೇಕು."

"ಆ ಜಾಗದಲ್ಲಿ ಜಾಯಿಂಟೇ ಇಲ್ಲ ಸಾರ್. ನೆಟ್ಟಗೆ ಒಂದೇ ಪೈಪ್ ಹೋಗಿದೆ. ಫೋಟೋ ಇದೆ ನನ್ ಹತ್ರ."

"ಎಲ್ಲಿ, ತೋರ್ಸು."

ಟೆಫ್ಲಾನ್ ಸುತ್ತಿದ ಫೋನನ್ನು ಜೇಬಿನಿಂದ ತೆಗೆದೆ. ಆತ ನಕ್ಕ ನಗು ಇನ್ನೂ ಕಿವಿಯಲ್ಲಿದೆ.

"ಏನ್ ಗುರು, ಫೋನಿಗೂ ಲೀಕೇಜಾ? ಮೇಡಂ, ಇವ್ರದೆಲ್ಲ ಬರೀ ಬಾಯಿಮಾತು. ಸೋಮವಾರ ನಮ್ ಹುಡುಗ್ರು ಬರ್ತಾರೆ, ಒಡೆದೇ ಬಿಡೋಣ."

ಮೇಡಂ ಟೈಲ್ಸಿನ ಮೇಲೆ ಕೈ ಸವರಿದರು. ತೆಳು ನೀಲಿ, ಅಂಚಿಗೆ ಸಣ್ಣ ಬಳ್ಳಿ. "ಈ ಡಿಸೈನ್ ಈಗ ಬರ್ತಿಲ್ಲ ಕಣಪ್ಪಾ, ಅಂಗಡೀಲಿ ವಿಚಾರಿಸ್ದೆ," ಎಂದರು ನನ್ನ ಕಡೆ ತಿರುಗಿ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ರಸ್ತೆಯಲ್ಲಿ ಒಂಬತ್ತು ಮನೆಗೆ ಕೆಲಸ ಮಾಡಿದ್ದೇನೆ. ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದ ಕೆಲಸಗಳು. ಅದೇ ಬಾಯಿಗಳು ಈಗ ಬೇರೆ ಮಾತು ಹೇಳುತ್ತವೆ.

"ಸೋಮವಾರ ನಾನು ಬರೋ ತನಕ ಸುತ್ತಿಗೆ ಮುಟ್ಟಿಸ್ಬೇಡಿ ಮೇಡಂ," ಎಂದೆ. "ಆ ಫೋಟೋ ತಂದೇ ತರ್ತೀನಿ."

ಶನಿವಾರ ಬೆಳಿಗ್ಗೆ ಫೋನ್ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಏಸಿ ಹಾಕಿದ ಅಂಗಡಿ. ಟೋಕನ್ ಕೊಟ್ಟರು. ಕೌಂಟರಿನವನು ಫೋನನ್ನು ಎರಡು ಬೆರಳಲ್ಲಿ ಹಿಡಿದು ಟೆಫ್ಲಾನ್ ನೋಡಿದ, ನನ್ನ ಕೈ ನೋಡಿದ, ಒಂದು ಇಂಗ್ಲಿಷ್ ಫಾರಂ ಮುಂದೆ ತಳ್ಳಿದ.

"ಸೈನ್ ಮಾಡಿ ಅಂಕಲ್."

"ಇದ್ರಲ್ಲಿ ಏನಿದೆ?"

"ಸ್ಟ್ಯಾಂಡರ್ಡ್ ಅಂಕಲ್. ಡಿಸ್ಪ್ಲೇ ಚೇಂಜ್ ಮಾಡ್ತೀವಿ, ಡೇಟಾ ಹೋದ್ರೆ ನಾವು ಜವಾಬ್ದಾರಿ ಅಲ್ಲ ಅಂತ. ಒಂದೊಂದ್ಸಲ ರೀಸೆಟ್ ಮಾಡ್ಬೇಕಾಗತ್ತೆ."

"ರೀಸೆಟ್ ಅಂದ್ರೆ ಎಲ್ಲಾ ಅಳಿಸೋದು ತಾನೆ?"

"ಹೊಸ ಫೋನ್ ಥರ ಆಗತ್ತೆ ಅಂಕಲ್!"

"ನಂಗೆ ಹೊಸ ಫೋನ್ ಬೇಡಪ್ಪ, ಹಳೇದ್ರಲ್ಲಿರೋದು ಬೇಕು."

ಪೆನ್ನು ನನ್ನ ಮುಂದೆಯೇ ಇತ್ತು, ಹಿಂದೆ ಕಾದಿದ್ದ ಜನ ಗೊಣಗುತ್ತಿದ್ದರು. ನಾನು ಸಹಿ ಮಾಡಲಿಲ್ಲ. ಏಳನೇ ಕ್ಲಾಸಿನ ಓದಿನಿಂದ ನನಗೆ ಉಳಿದದ್ದು ಒಂದೇ ಪಾಠ: ಓದಲಾಗದ್ದಕ್ಕೆ ಹೆಸರು ಹಾಕಬಾರದು. ಫೋನು ಎತ್ತಿಕೊಂಡು ಬಂದೆ.

ಬಿಟಿಎಂ ಲೇಔಟಿನ ಒಂದು ಅಡ್ಡರಸ್ತೆಯಲ್ಲಿ, ಜ್ಯೂಸ್ ಅಂಗಡಿಗೂ ಟೈಲರ್ ಅಂಗಡಿಗೂ ನಡುವೆ ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ. ಮೈಕ್ರೋಸ್ಕೋಪಿನ ಮುಂದೆ ಕೂತು ಕೆಲಸ ಮಾಡುವವರು ನಲವತ್ತರ ಆಸುಪಾಸಿನ ಹೆಂಗಸು. ಆ ಬೀದಿಗೆಲ್ಲ ಅವರು ಅಕ್ಕ. ನಾನು ಅವರಿಗಿಂತ ದೊಡ್ಡವನಾದರೂ ನನಗೂ ಅಕ್ಕನೇ.

"ಇದೇನಣ್ಣ, ಫೋನಿಗೆ ಬ್ಯಾಂಡೇಜು!" ಎಂದು ಟೆಫ್ಲಾನ್ ಬಿಚ್ಚುತ್ತ ನಕ್ಕರು. ಆ ನಗು ಬೇರೆ ಜಾತಿಯದು, ನನಗೂ ನಗು ಬಂತು.

ಫೋಟೋಗಳು ಇಂಟರ್‌ನೆಟ್ಟಿಗೆ ಹೋಗಿ ಉಳಿದಿವೆಯೇ ಎಂದು ಮೊದಲು ಕೇಳಿದರು. ಡೇಟಾ ಬೇಗ ಖಾಲಿಯಾಗುತ್ತದೆಂದು ಬ್ಯಾಕಪ್ಪನ್ನು ನಾನೇ ನಿಲ್ಲಿಸಿದ್ದೆ. ಅಕ್ಕ ತಲೆ ಅಲ್ಲಾಡಿಸಿ ಫೋನಿಗೆ ವೈರ್ ಹಾಕಿ ಕಂಪ್ಯೂಟರಿಗೆ ಸೇರಿಸಿದರು. ಫೋನಿನ ಹೆಸರು ಬಂತು, ಒಳಗೆ ಏನೂ ಇಲ್ಲ.

"ಹೋಯ್ತಾ ಅಕ್ಕ?"

"ಎಲ್ಲಿಗೂ ಹೋಗಿಲ್ಲ. ಬೀಗ ಹಾಕಿದೆ ಅಷ್ಟೇ. ನೀವು ಆಫ್ ಮಾಡಿ ಆನ್ ಮಾಡಿದ್ರಿ ನೋಡಿ, ಈಗ ಒಂದ್ಸಲ ಲಾಕ್ ತೆಗೀದೆ ಒಳಗಿರೋದು ಯಾರಿಗೂ ಕಾಣಲ್ಲ. ಲಾಕ್ ತೆಗೆದ್ಮೇಲೂ ಫೈಲ್ ಕೊಡು ಅಂತ ಫೋನಲ್ಲೇ ಒತ್ಬೇಕು. ಬೋರ್ಡ್ ಜೀವ ಇದೆ, ಗಾಜು ಸತ್ತಿದೆ. ನಿಮ್ ಲಾಕ್ ನಿಮಗೆ ಗೊತ್ತಿದ್ರೆ ಸಾಕು."

ಒಂದು ಪುಟ್ಟ ಓಟಿಜಿ ತುಂಡನ್ನು ಚಾರ್ಜರಿನ ಬಾಯಿಗೆ ಸಿಕ್ಕಿಸಿ, ಅದಕ್ಕೆ ಕಂಪ್ಯೂಟರಿನ ಮೌಸ್ ಹಾಕಿದರು. ಕೆಲವು ಫೋನಿನಲ್ಲಿ ಇದಕ್ಕೂ ಮೊದಲೇ ಅನುಮತಿ ಕೊಟ್ಟಿರಬೇಕಂತೆ, ನನ್ನದರಲ್ಲಿ ಆ ಕಾಟ ಇರಲಿಲ್ಲ. ಒಡೆದ ಗಾಜಿನ ಮೇಲೆ ಬಾಣದ ಗುರುತು ಓಡಾಡಿತು. ಬೆರಳಿನ ಮಾತು ಕೇಳದ ಫೋನು ಇಲಿಯ ಮಾತು ಕೇಳುತ್ತಿತ್ತು! ಆದರೆ ಲಾಕಿನ ಒಂಬತ್ತು ಚುಕ್ಕಿ ಬರುವುದು ಕೆಳಗಿನ ಅರ್ಧದಲ್ಲಿ. ಅಲ್ಲಿ ಕಗ್ಗತ್ತಲು.

"ಕತ್ತಲಲ್ಲಿ ಗೀಚೋದು ಬೇಡ," ಎಂದ ಅಕ್ಕ, ಹಾಳು ಫೋನುಗಳ ಡಬ್ಬಿ ಹುಡುಕಿ ನನ್ನದೇ ಮಾಡೆಲ್ಲಿನ ಒಂದು ಹಳೆಯ ಡಿಸ್ಪ್ಲೇ ತೆಗೆದರು. "ಇದಕ್ಕೂ ಟಚ್ ಇಲ್ಲ, ಆದ್ರೆ ಕಣ್ಣಿದೆ. ನೋಡೋಕೆ ಇದು, ಒತ್ತೋಕೆ ಮೌಸು." ಫೋನು ಆರಿಸಿ, ಹಿಂಬದಿ ಬಿಸಿ ಮಾಡಿ ಬಿಚ್ಚಿ, ಬ್ಯಾಟರಿಯ ಕನೆಕ್ಷನ್ ಕಳಚಿ, ಒಡೆದ ಡಿಸ್ಪ್ಲೇ ತೆಗೆದಿಟ್ಟು, ಡಬ್ಬಿಯಲ್ಲಿ ಸಿಕ್ಕ ಡಿಸ್ಪ್ಲೇಯ ಪಟ್ಟಿಯನ್ನು ಬೋರ್ಡಿಗೆ ಒತ್ತಿದರು. ಅಂಟಿಲ್ಲ, ಸ್ಕ್ರೂ ಇಲ್ಲ, ಸುಮ್ಮನೆ ಮೇಜಿನ ಮೇಲೆ ಮಲಗಿಸಿಟ್ಟರು. ಬ್ಯಾಟರಿ ಜೋಡಿಸಿ ಆನ್ ಮಾಡಿದಾಗ ಇಡೀ ಪರದೆ ಬೆಳಗಿತು. ಮೊದಲು ಅರ್ಧ ಗಂಟೆ ಚಾರ್ಜಿಗೆ ಹಾಕಿದರು. ಮೌಸಿಗೂ ಚಾರ್ಜಿಗೂ ಇರುವುದು ಒಂದೇ ತೂತು, ನಡುವೆ ಬ್ಯಾಟರಿ ಸತ್ತರೆ ಕಷ್ಟ ಎಂದರು.

"ಹಾಕಿ ಅಣ್ಣ ನಿಮ್ ಪ್ಯಾಟರ್ನು," ಎಂದು ಮೌಸ್ ನನ್ನ ಕೈಗೆ ಕೊಟ್ಟರು.

ಸಿಮೆಂಟಿಗೂ ಪೈಪ್ ಅಂಟಿಸುವ ಸಲ್ಯೂಷನ್ನಿಗೂ ನನ್ನ ಬೆರಳಿನ ಗೆರೆಗಳು ಸವೆದಿವೆ. ಬೆರಳಚ್ಚು ನನ್ನನ್ನು ಗುರುತಿಸುವುದಿಲ್ಲ, ಅದಕ್ಕೇ ಪ್ಯಾಟರ್ನ್ ಇಟ್ಟುಕೊಂಡದ್ದು. ದಿನಕ್ಕೆ ಐವತ್ತು ಸಲ ಹಾಕುತ್ತಿದ್ದೆ. ಆದರೆ ಮೌಸ್ ಹಿಡಿದಾಗ ತಲೆ ಖಾಲಿ. ಒಮ್ಮೆ ತಪ್ಪಿತು, ಇನ್ನೊಮ್ಮೆ ತಪ್ಪಿತು. ಐದನೆಯದಕ್ಕೆ ಮೂವತ್ತು ಸೆಕೆಂಡ್ ಕಾಯಿ ಎಂದಿತು ಫೋನು. ನನ್ನದೇ ಮನೆ ಬಾಗಿಲಲ್ಲಿ ನನ್ನನ್ನು ಕಳ್ಳನ ಹಾಗೆ ನಿಲ್ಲಿಸಿತ್ತು.

"ಸಾಕು, ಮೌಸ್ ಬಿಡಿ," ಎಂದರು ಅಕ್ಕ. "ತಪ್ತಾ ಹೋದ್ರೆ ಕಾಯೋ ಹೊತ್ತು ಜಾಸ್ತಿ ಆಗ್ತಾ ಹೋಗತ್ತೆ. ನಿಮ್ ಕೈಗೆ ಗೊತ್ತಿದೆ, ತಲೆಗೆ ಗೊತ್ತಿಲ್ಲ. ನಿಮ್ ಫೋನಿನ ಈ ಒಡೆದ ಗಾಜು ಹಿಡ್ಕೊಂಡು, ಅದನ್ನ ನೋಡದೆ, ಹೆಬ್ಬೆರಳಲ್ಲಿ ಎಳೀರಿ."

ರಸ್ತೆಯ ಕಡೆ ಮುಖ ಮಾಡಿ, ಕಳಚಿದ ಡಿಸ್ಪ್ಲೇಯನ್ನು ಅಂಗೈಯಲ್ಲಿ ಹಿಡಿದೆ. ಹೆಬ್ಬೆರಳು ತಾನಾಗಿಯೇ ಓಡಿತು. ಎಡಗಡೆ ಕೆಳಗಿಂದ ಮೇಲಿನವರೆಗೆ, ಅಲ್ಲಿಂದ ಬಲಕ್ಕೆ ಒಂದು, ಕೆಳಕ್ಕೆ ಒಂದು, ಮತ್ತೆ ಬಲಕ್ಕೆ. ಒಮ್ಮೆಲೇ ಹೊಳೆಯಿತು. ಪೈಪ್ ಲೈನು! ನಾನೊಬ್ಬನೇ ಮಾಡಿದ ಮೊದಲ ಬಾತ್‌ರೂಮಿನದು. ಮೇಲೇರಿದ ಪೈಪು, ಎಲ್ಬೋ ತಿರುಗಿ, ಇಳಿದು, ನಲ್ಲಿಗೆ. ಇಷ್ಟು ವರ್ಷ ಅದನ್ನೇ ಎಳೆಯುತ್ತಿದ್ದೆನೆಂದು ನನಗೇ ಮರೆತುಹೋಗಿತ್ತು.

ಮೌಸ್ ಹಿಡಿದು, ಪೈಪ್ ಎಳೆಯುವ ಹಾಗೆಯೇ ನಿಧಾನವಾಗಿ ಎಳೆದೆ. ಬೀಗ ತೆರೆಯಿತು. ಈಗ ಆ ಪ್ಯಾಟರ್ನ್ ಬದಲಿಸಿದ್ದೇನೆ, ಯಾರೂ ಆಸೆ ಪಡಬೇಡಿ.

ಅಕ್ಕ ಓಟಿಜಿಗೆ ಕವಲುಗಳಿದ್ದ ಹಬ್ ಒಂದನ್ನು ಹಾಕಿ, ಒಂದು ಕವಲಿಗೆ ಮೌಸು, ಇನ್ನೊಂದಕ್ಕೆ ಪೆನ್‌ಡ್ರೈವ್ ಸಿಕ್ಕಿಸಿದರು. ಪ್ಲಂಬರರ ಭಾಷೆಯಲ್ಲಿ ಅದು ಟೀ, ಒಂದು ಪೈಪನ್ನು ಎರಡಾಗಿ ಕವಲೊಡೆಸುವ ತುಂಡು. ಫೋಟೋಗಳೆಲ್ಲ ಒಂದೊಂದಾಗಿ ಇಳಿದು ಬಂದವು. ಪದ್ಮನಾಭನಗರದ ಗೋಡೆಯೂ ಬಂತು. ಮೂಲೆಯಿಂದ ಪೈಪಿಗೆ ಎರಡು ಅಡಿ ಒಂದು ಇಂಚು. ನೆಲದಿಂದ ಆರು ಅಡಿವರೆಗೆ ಒಂದೂ ಜಾಯಿಂಟಿಲ್ಲ. ಅದೇ ರಸ್ತೆಯ ಕಲರ್ ಜೆರಾಕ್ಸ್ ಅಂಗಡಿಯಲ್ಲಿ ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ.

ಸೋಮವಾರ ಇಂಜಿನಿಯರ್ ಸುತ್ತಿಗೆಯವರೊಂದಿಗೆ ಬಂದಾಗ ನಾನು ಬಾತ್‌ರೂಮಿನಲ್ಲಿ ಟೇಪ್ ಹಿಡಿದು ನಿಂತಿದ್ದೆ. ಮೂಲೆಯಿಂದ ಎರಡು ಅಡಿ ಒಂದು ಇಂಚಿಗೆ ಹಿಡಿದರೆ, ಟೇಪಿನ ತುದಿ ಕನ್ನಡಿಯ ಕ್ಯಾಬಿನೆಟ್ಟಿನ ಸ್ಕ್ರೂಗೆ ತಾಗಿತು. ಆ ಕ್ಯಾಬಿನೆಟ್ ಕೂರಿಸಿದ್ದು ನಾನು ಕೆಲಸ ಮುಗಿಸಿ ಹೋದ ಮೇಲೆ, ಆತನದೇ ಜನ.

"ಈ ಪೇಪರ್ ನಂಬ್ಕೊಂಡು ಏನ್ ಮಾಡ್ತೀಯ?" ಎಂದ.

"ಪೇಪರ್ ಬೇಡ ಸಾರ್. ಸ್ಕ್ರೂನೇ ಕೇಳೋಣ."

ಕೆಳಗಿನ ವಾಲ್ವ್ ಮುಚ್ಚಿ ಸ್ಕ್ರೂ ಬಿಚ್ಚುವುದು ಸರಿಯಾದ ಕ್ರಮ. ನಾನು ಮುಚ್ಚಲಿಲ್ಲ. ಕ್ಯಾಬಿನೆಟ್ಟನ್ನು ಒಂದು ಕೈಯಲ್ಲಿ ಆನಿಸಿ ಹಿಡಿದು ಸ್ಕ್ರೂ ತಿರುಗಿಸಿದೆ. ಪೈಪನ್ನು ತೂತು ಮಾಡಿದ್ದೂ ಅದೇ, ಇಷ್ಟು ದಿನ ಆ ತೂತಿಗೆ ಬಿರಡೆಯಾಗಿ ಹನಿಹನಿಯಾಗಿ ಸೋರಿಸಿದ್ದೂ ಅದೇ. ಅದು ಹೊರಬಂದ ಕೂಡಲೇ ನೀರು ದಾರದ ಹಾಗೆ ಚಿಮ್ಮಿ ಆತನ ಇಸ್ತ್ರಿ ಅಂಗಿಗೆ ಬಿತ್ತು. ಪಕ್ಕಕ್ಕೆ ನಿಲ್ಲಿ ಎಂದು ನಾನು ಹೇಳಿರಲಿಲ್ಲ.

"ಆಯ್ತು ಬಿಡು, ರಿಪೇರಿ ಮಾಡು," ಎಂದ ಅಂಗಿ ಕೊಡವುತ್ತ.

"ಬಿಡಲ್ಲ ಸಾರ್. ಶುಕ್ರವಾರ ಮೇಡಂ ಮುಂದೆ ಒಂದು ಮಾತು ಹೇಳಿದ್ರಿ. ಈಗ್ಲೂ ಅವ್ರ ಮುಂದೇನೇ ಹೇಳಿ."

ಮೇಡಂ ಬಾಗಿಲಲ್ಲೇ ನಿಂತಿದ್ದರು. ನೀರು ಚಿಮ್ಮುತ್ತಲೇ ಇತ್ತು. "ಜಾಯಿಂಟ್ ಇರ್ಲಿಲ್ಲ ಮೇಡಂ. ಪೈಪ್ ಸರಿ ಇತ್ತು," ಎಂದು ಆತ ಗೋಡೆಗೆ ಹೇಳಿದ. ಗೋಡೆಗಾದರೂ ಹೇಳಿದನಲ್ಲ. ನಾನು ಹೋಗಿ ವಾಲ್ವ್ ಮುಚ್ಚಿದೆ.

ಒಡೆದದ್ದು ಒಂದೇ ಟೈಲ್, ಕ್ಯಾಬಿನೆಟ್ಟಿನ ಹಿಂದೆ ಯಾರಿಗೂ ಕಾಣದ್ದು. ತೂತಿನ ತುಂಡು ಕತ್ತರಿಸಿ, ಹೊಸ ತುಂಡು ಸೇರಿಸಿ, ನೀರು ಬಿಟ್ಟು ನೋಡಿದೆ. ಈಗ ಅಲ್ಲಿ ನಿಜವಾಗಿಯೂ ಎರಡು ಜಾಯಿಂಟಿವೆ. ಗಾರೆ ಕಲಸುವ ಮೊದಲು, ಅಭ್ಯಾಸದಿಂದ ಜೇಬಿಗೆ ಕೈ ಹಾಕಿದೆ. ಫೋನು ಇನ್ನೂ ಅಕ್ಕನ ಮೇಜಿನ ಮೇಲೆ ಹೊಸ ಡಿಸ್ಪ್ಲೇಗೆ ಕಾಯುತ್ತಿತ್ತು.

ಮೇಡಂ ತಮ್ಮ ಫೋನು ತಂದು ಕನ್ನಡಕ ಏರಿಸಿಕೊಂಡರು.

"ಟೇಪ್ ಸರಿಯಾಗಿ ಹಿಡ್ಕೊಳಪ್ಪಾ," ಎಂದರು. "ಇಂಚು ಕಾಣ್ತಿಲ್ಲ."