ಕೇಶಾಕರ್ಷಣದ ಅರ್ಥ

ಎಷ್ಟೇ ಗಟ್ಟಿ ಮಾತಾದರೂ ತಿರುಮಲಮ್ಮನವರ ಬಾಯಿಗೆ ಬಿದ್ದರೆ ಮೆತ್ತಗಾಗುತ್ತದೆ ಎಂದು ಮುಳಬಾಗಿಲಿನ ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಲವತ್ತರ ದಶಕದಲ್ಲಿ ಅವರ ತಮ್ಮನ ಮಗ ಶೇಷಗಿರಿ ರಾಗಿ ಹೊಲದ ತೇವದ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಪದವಿ ಪಡೆದ. ಅದರ ಸಾರಾಂಶವನ್ನು ರೈತರಿಗಾಗಿ ಕನ್ನಡಕ್ಕೆ ತರುವ ಕೆಲಸ ಅತ್ತೆಯ ಪಾಲಿಗೆ ಬಂತು.

‘ಕೇಶಾಕರ್ಷಣ’ ಎಂಬ ಶಾಸ್ತ್ರದ ಪದವನ್ನು ತಿರುಮಲಮ್ಮ ಬಿಡಲಿಲ್ಲ. ಮೊದಲ ಸಲ ಬಂದಲ್ಲಿ ‘ಮಣ್ಣಿನ ಕೂದಲೆಳೆಯಂಥ ಸಂದುಗಳಲ್ಲಿ ನೀರು ತಾನಾಗಿ ಮೇಲೇರುವುದು’ ಎಂದು ಬಿಡಿಸಿ, ಮುಂದೆಲ್ಲ ಅದೇ ಪದವನ್ನು ಇಟ್ಟರು. ಕುಂಟೆ ಹೊಡೆದು ಮೇಲ್ಮಣ್ಣು ಸಡಿಲಿಸಿದರೆ ಆ ಏರಿಕೆ ಕಡಿದು ತೇವ ಉಳಿಯುತ್ತದೆ ಎಂಬುದು ಸಾರ.

ಶೇಷಗಿರಿ ಅದನ್ನು ಓದಿದ್ದು ಕೇಳಿ ಪಕ್ಕದ ಹೊಲದ ರೈತ ಗಂಗುಲಪ್ಪ ನಕ್ಕ. “ಅಲ್ಲಾ ಸಾಮಿ, ಕುಂಟೆ ಹೊಡೀರಿ ಅನ್ನೋಕೆ ಇಷ್ಟು ವರ್ಷ ಓದಿದ್ರಾ?”

ಶೇಷಗಿರಿಯ ಮುಖ ಸಣ್ಣದಾಯಿತು. “ಅತ್ತೆ, ನನ್ನ ಮರ್ಯಾದೆ ಹೋಯ್ತು. ಆ ವಿವರಣೆ ತೆಗೆದುಬಿಡಿ.”

“ತೆಗೆದ್ರೆ ಯಾರಿಗೂ ತಿಳಿಯೋಲ್ಲ ಕಣೋ.”

“ತಿಳಿದಿದ್ದಕ್ಕೇ ತಾನೆ ಅವನು ನಕ್ಕಿದ್ದು!”

ಅತ್ತೆ ಬಿಡಿಸಿ ಹೇಳಿದ್ದನ್ನೆಲ್ಲ ಶೇಷಗಿರಿ ತಾನೇ ಹೊಡೆದುಹಾಕಿ ಅಚ್ಚು ಮಾಡಿಸಿದ. ಒಂದು ಸಾಲೂ ಅರ್ಥವಾಗಲಿಲ್ಲ, ಎಂಥ ವಿದ್ಯೆ ಎಂದು ಎಲ್ಲರೂ ಕೊಂಡಾಡಿದರು. ಮೆಚ್ಚಿದ ಮಾಲೂರಿನ ರೈತರು ಭಾಷಣಕ್ಕೂ ಕರೆದು, ಅರ್ಥ ಹೇಳಿ ಎಂದರು. ಶೇಷಗಿರಿಗೆ ಅದು ಇಂಗ್ಲಿಷಿನಲ್ಲಿ ಮಾತ್ರ ಬರುತ್ತಿತ್ತು.

“ಅತ್ತೆ, ನೀವೇ ಬಂದು ಬಿಡಿಸಿ ಹೇಳ್ಬೇಕು.”

“ಮರ್ಯಾದೆ ಗತಿಯೇನೋ?” ಎಂದು ಕೇಳಿದ ತಿರುಮಲಮ್ಮ ಕೆಮ್ಮುತ್ತಲೇ ಶಾಲು ಹೊದ್ದು ಬಸ್ಸಿಗೆ ಹೊರಟರು. ಅಲ್ಲಿ ಅರ್ಥ ಬಿಡಿಸಿ ಹೇಳಿ ಬಂದವರು ಕೆಮ್ಮು ಹೆಚ್ಚಿ ಹಾಸಿಗೆ ಹಿಡಿದರು; ಮನೆಯಿಂದ ಅವರು ಹೊರಟದ್ದು ಅದೇ ಕೊನೆ.